ಮೆಲ್ಬರ್ನ್‌ಗೆ ಹೋದ ಅಕ್ಕನಿಗೆ

ಮಾತುಂಗಾ, ಮುಂಬಯಿ
6 ಅಕ್ಟೋಬರ್ 2025

ಪ್ರೀತಿಯ ಸಿಂಧು ಅಕ್ಕನಿಗೆ,

ನಿನ್ನ ತಮ್ಮ ಶ್ರೀವತ್ಸನ ನಮಸ್ಕಾರಗಳು. ಇಲ್ಲಿ ಅಜ್ಜಿ, ಚಿಕ್ಕಪ್ಪ, ಚಿಕ್ಕಮ್ಮ ಎಲ್ಲರೂ ಕ್ಷೇಮ. ದೊಡ್ಡಪ್ಪ, ದೊಡ್ಡಮ್ಮ ಹಾಗೂ ನಿನ್ನ ಕ್ಷೇಮ ಸಮಾಚಾರಕ್ಕಾಗಿ ಕಾದಿದ್ದೇವೆ. ದಸರಾ ರಜೆಗೆಂದು ಬೆಂಗಳೂರಿನಿಂದ ಬಂದಿರುವ ನಾನು ನಾಳೆ ಉದ್ಯಾನ್ ಎಕ್ಸ್‌ಪ್ರೆಸ್‌ನಲ್ಲಿ ಹಿಂದಿರುಗುತ್ತಿದ್ದೇನೆ. ಅಷ್ಟರೊಳಗೆ ನಿನ್ನದೇ ಮೇಜಿನ ಮುಂದೆ ಕುಳಿತು ಈ ಕಾಗದವನ್ನು ಮುಗಿಸಬೇಕೆಂದಿದ್ದೇನೆ.

ಪ್ರತಿದಿನ ವಿಡಿಯೋ ಕರೆಯಲ್ಲಿ ಮುಖ ನೋಡುತ್ತಿರುವಾಗ ಕಾಗದವೇಕೆ ಎಂದು ನೀನು ಕೇಳಬಹುದು. ಆ ಕರೆಯಲ್ಲಿ ನಮ್ಮಿಬ್ಬರ ಪಾಲಿಗೆ ಉಳಿಯುವುದಾದರೂ ಏನು? ಮೊದಲು ಅಜ್ಜಿ ‘ಊಟ ಆಯಿತೇ, ಸ್ವೆಟರ್ ಹಾಕಿದ್ದೀಯಾ’ ಎಂದು ವಿಚಾರಿಸುತ್ತಾರೆ, ಬಳಿಕ ಚಿಕ್ಕಪ್ಪ ದೊಡ್ಡಪ್ಪನೊಡನೆ ಮನೆ ಬಾಡಿಗೆಯ ಲೆಕ್ಕ ಹಾಕುತ್ತಾರೆ, ಕೊನೆಗೆ ಫೋನು ನನ್ನ ಕೈಗೆ ಬರುವ ವೇಳೆಗೆ ನೀನು ಆಕಳಿಸುತ್ತಿರುತ್ತೀಯೆ. ನಿನ್ನೆಯಿಂದಂತೂ ಇನ್ನೂ ಕಷ್ಟವಾಗಿದೆ. ಅಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸಿದ್ದರಿಂದ ನಾಲ್ಕೂವರೆ ಗಂಟೆಯಷ್ಟಿದ್ದ ವ್ಯತ್ಯಾಸ ಐದೂವರೆಗೆ ಏರಿದೆ. ಸರ್ಕಾರ ಹೇಳಿತೆಂದು ಸೂರ್ಯ ಬೇಗ ಏಳುತ್ತಾನೆಯೇ ಎಂಬುದು ಅಜ್ಜಿಯ ಆಕ್ಷೇಪಣೆ. ಚಿಕ್ಕಮ್ಮ ಅಡುಗೆಮನೆಯ ಕ್ಯಾಲೆಂಡರಿನ ಅಂಚಿನಲ್ಲಿ ‘ಇಲ್ಲಿ ಸಂಜೆ 4, ಅಲ್ಲಿ ರಾತ್ರಿ 9.30’ ಎಂದು ಕೆಂಪು ಶಾಯಿಯಲ್ಲಿ ಬರೆದಿಟ್ಟಿದ್ದಾರೆ.

ಇಂದೇ ನಿನ್ನ ಹೊಸ ಶಾಲೆಯ ನಾಲ್ಕನೆಯ ಅವಧಿ ಆರಂಭವಾಗುತ್ತದೆಂದು ದೊಡ್ಡಪ್ಪ ತಿಳಿಸಿದರು. ಹಾರ್ದಿಕ ಶುಭಾಶಯಗಳು. ಇಲ್ಲಿ ಹನ್ನೆರಡನೆಯ ತರಗತಿಯಲ್ಲಿದ್ದ ನಿನ್ನನ್ನು ಅಲ್ಲಿ ಹನ್ನೊಂದಕ್ಕೆ ಸೇರಿಸಿಕೊಂಡಿರುವುದರಿಂದ, ಪ್ರಥಮ ಪಿಯುಸಿ ಓದುತ್ತಿರುವ ನಾನೂ ನೀನೂ ಈಗ ಒಂದೇ ತರಗತಿಯವರು. ಆದರೂ ‘ಅಕ್ಕ’ ಎನ್ನುವುದನ್ನು ಬಿಡಬಾರದೆಂದು ಅಮ್ಮ ಫೋನಿನಲ್ಲೇ ಎಚ್ಚರಿಸಿದ್ದಾರೆ. ಅಲ್ಲಿ ಗಣಿತವನ್ನು ಹೇಗೆ ಕಲಿಸುತ್ತಾರೆ, ಅವರ ಇಂಗ್ಲಿಷು ನಿನಗೆ ಅರ್ಥವಾಗುತ್ತದೆಯೇ, ಮಧ್ಯಾಹ್ನದ ಊಟಕ್ಕೆ ಯಾರ ಜೊತೆಗೆ ಕುಳಿತೆ? ಕೊನೆಯ ಪ್ರಶ್ನೆಗೆ ವಿವರವಾಗಿಯೇ ಉತ್ತರಿಸಬೇಕು, ಏಕೆಂದರೆ ಹೈಸ್ಕೂಲು ಬಿಟ್ಟು ಕಾಲೇಜಿಗೆ ಸೇರಿದಾಗ ನನಗೆ ಪಾಠಕ್ಕಿಂತ ಹೆಚ್ಚು ಭಯ ಹುಟ್ಟಿಸಿದ್ದು ಊಟದ ಬಿಡುವೇ.

ನೀನು ಟ್ರಾಮಿನಲ್ಲಿ ಓಡಾಡುತ್ತಿರುವ ಸುದ್ದಿ ಕೇಳಿ ಅಜ್ಜಿ ಎಷ್ಟು ಸಂಭ್ರಮಪಟ್ಟರೆಂದು ನಿನಗೆ ಗೊತ್ತಿರಲಾರದು, ಏಕೆಂದರೆ ಆಗ ಕರೆ ಕಡಿದುಹೋಗಿತ್ತು. ಮದುವೆಯಾಗಿ ಉಡುಪಿಯಿಂದ ಈ ಊರಿಗೆ ಬಂದ ಹೊಸತರಲ್ಲಿ ಅಜ್ಜ ಅವರನ್ನು ದಾದರಿನಿಂದ ಬೋರಿಬಂದರಿಗೆ ಟ್ರಾಮಿನಲ್ಲಿ ಕರೆದೊಯ್ದಿದ್ದರಂತೆ. ಸೀರೆಯ ಸೆರಗು ಬಾಗಿಲ ಬಳಿ ಸಿಕ್ಕಿಕೊಂಡು, ಕಂಡಕ್ಟರ್ ಗಂಟೆ ಬಾರಿಸಿ ಗಾಡಿ ನಿಲ್ಲಿಸಿದ್ದನ್ನು ಅವರು ನಿನ್ನೆ ಮೊನ್ನೆ ನಡೆದಂತೆ ವರ್ಣಿಸಿದರು. ಮುಂಬಯಿಯ ಕೊನೆಯ ಟ್ರಾಮು 1964ರ ಮಾರ್ಚ್ 31ರಂದು ಅದೇ ಬೋರಿಬಂದರಿನಿಂದ ದಾದರಿಗೆ ಓಡಿತು. ಜನರು ಇಂದಿಗೂ ದಾದರ್ ಟಿ.ಟಿ. ಎನ್ನುವಾಗ ಆ ಎರಡು ಟಿಗಳು ಟ್ರಾಮ್ ಟರ್ಮಿನಸ್ಸಿನವೆಂದು ನನಗೆ ತಿಳಿದದ್ದೇ ಈಗ. ಅಲ್ಲಿನ ಟ್ರಾಮಿನ ಒಳಗೆ ಈಗ ಟಿಕೆಟ್ ಕೊಡುವವರು ಇದ್ದಾರೆಯೇ, ಸೆರಗು ಸಿಕ್ಕಿಕೊಳ್ಳುವಂಥ ಬಾಗಿಲಿದೆಯೇ ಎಂದು ವಿಚಾರಿಸಿ ಬರೆಯಬೇಕೆಂಬುದು ಅಜ್ಜಿಯ ಆದೇಶ. ಮೆಲ್ಬರ್ನಿನ ಟ್ರಾಮು ಜಾಲ ಜಗತ್ತಿನಲ್ಲೇ ಅತಿ ದೊಡ್ಡದೆಂದೂ ನಗರದ ನಡುಭಾಗದಲ್ಲಿ ಟಿಕೆಟ್ಟೇ ಬೇಡವೆಂದೂ ನಾನು ಹೇಳಿದಾಗ, ‘ಪುಕ್ಕಟೆ ಎಂದು ಸುಮ್ಮನೆ ಸುತ್ತಬೇಡ ಎನ್ನು’ ಎಂದೂ ಸೇರಿಸಿದ್ದಾರೆ.

ಇಲ್ಲಿ ಸೆಖೆ ಹೇಳತೀರದು. ನಿನಗೆ ಅಲ್ಲಿ ಈಗ ವಸಂತವೆಂದು ನೆನೆದು ಹೊಟ್ಟೆಯುರಿಯುತ್ತದೆ. ನಿನ್ನೆ ಚಿಕ್ಕಪ್ಪನ ಜೊತೆ ರಾಮಾ ನಾಯಕರ ಹೋಟೆಲಿಗೆ ಹೋಗಿ ಬಾಳೆಲೆಯ ಊಟ ಮಾಡಿ ಬಂದೆ. ಮೈಸೂರು ಅಸೋಸಿಯೇಷನ್ನಿನ ಮುಂದೆ ಹಾದುಬರುವಾಗ ಚಿಕ್ಕಪ್ಪ, ಅದು 1926ರಲ್ಲಿ ಸ್ಥಾಪನೆಯಾದದ್ದೆಂದೂ ಬರುವ ವರ್ಷಕ್ಕೆ ನೂರು ತುಂಬುವುದೆಂದೂ ತಿಳಿಸಿ, ಆಗ ನೀವೆಲ್ಲ ರಜೆಗೆ ಬರುವಿರೋ ಎಂದು ಕೇಳಿದರು. ಇಂದು ಕೋಜಾಗಿರಿ ಹುಣ್ಣಿಮೆ. ರಾತ್ರಿ ಕಟ್ಟಡದವರೆಲ್ಲ ತಾರಸಿಯಲ್ಲಿ ಸೇರಿ ಮಸಾಲೆ ಹಾಲು ಕುಡಿಯುತ್ತಾರೆ. ಪ್ರತಿವರ್ಷ ಲೋಟ ಹಂಚುತ್ತಿದ್ದವಳು ನೀನು, ಈ ಸಲ ಆ ಕೆಲಸ ನನ್ನ ತಲೆಗೆ ಬಿದ್ದಿದೆ.

ಬಿಡುವಾದಾಗಲೆಲ್ಲ ಬರೆಯುತ್ತಿರು. ‘ಒತ್ತಕ್ಷರ ತಪ್ಪುತ್ತದೆ’ ಎಂಬ ಸಂಕೋಚ ಬೇಡ. ಮುಂಬಯಿಯ ಇಂಗ್ಲಿಷ್ ಶಾಲೆಯಲ್ಲಿ ಓದುತ್ತಾ ಅಜ್ಜಿಯಿಂದ ಅಕ್ಷರ ಕಲಿತ ನಿನ್ನ ಬರಹ ನನಗೆ ಚೆನ್ನಾಗಿಯೇ ಅರ್ಥವಾಗುತ್ತದೆ. ಉತ್ತರವನ್ನು ಬೆಂಗಳೂರಿನ ಮನೆಗೇ ಕಳುಹಿಸು. ಮಾತುಂಗಾಕ್ಕೆ ಕಳುಹಿಸಿದರೆ ಚಿಕ್ಕಪ್ಪ ಅದನ್ನು ಎಲ್ಲರೆದುರು ಗಟ್ಟಿಯಾಗಿ ಓದಿಬಿಡುತ್ತಾರೆ. ದೊಡ್ಡಪ್ಪ ದೊಡ್ಡಮ್ಮನಿಗೆ ನನ್ನ ನಮಸ್ಕಾರಗಳನ್ನು ತಿಳಿಸು.

ಇಂತಿ ನಿನ್ನ ಪ್ರೀತಿಯ ತಮ್ಮ,
ಶ್ರೀವತ್ಸ