ಚಬ್ದಿ ಲಾಯಅ: ಕುವೈತಿನ ಕ್ಯಾಶುವಾಲ್ಟಿಯಲ್ಲಿ ಒಂದು ಮಾತುಕತೆ

ಕುವೈತಿಗೆ ಹೊರಟಿರುವ ನಮ್ಮೂರಿನ ಹುಡುಗಿಯರಿಗಾಗಿ ಇದನ್ನು ಬರೆದಿದ್ದೇನೆ. ಡಾಕ್ಟರುಗಳ ಜೊತೆ ಇಂಗ್ಲಿಷಿನಲ್ಲಿ ಹೇಗೋ ನಡೆಯುತ್ತದೆ. ಆದರೆ ಮಂಚದ ಮೇಲಿರುವ ಅಜ್ಜಿಗೆ ಅವರ ಮನೆಮಾತೇ ಬೇಕು. ಪುಸ್ತಕದ ಅರಬ್ಬಿ ಬೇರೆ, ಅಲ್ಲಿಯ ಆಡುಮಾತು ಬೇರೆ. ಇಲ್ಲಿರುವುದು ಆಡುಮಾತು.

ಹೆಂಗಸಿಗೆ 'ನಿನ್ನ' ಎನ್ನುವಾಗ ಕೊನೆಯಲ್ಲಿ 'ಇಚ್' ಬರುತ್ತದೆ, ಗಂಡಸಿಗೆ 'ಅಕ್': ಶ್ಲೋನಿಚ್, ಶ್ಲೋನಕ್. ಅರಬ್ಬಿಯಲ್ಲಿ 'ಪ' ಇಲ್ಲ, ಹಾಗಾಗಿ ಪನಡೋಲ್ ಅವರ ಬಾಯಲ್ಲಿ 'ಬನಡೋಲ್' ಆಗುತ್ತದೆ. 'ಯಅವ್ವಿರ್' ಎಂಬಲ್ಲಿ ನಡುವೆ ಬರುವ 'ಅ' ಗಂಟಲ ಆಳದಿಂದ ಬರಬೇಕು. ಕೇಳಿ ಕೇಳಿಯೇ ಅದು ಕೈವಶವಾಗುವುದು.

ಬೆಳಗ್ಗೆ ಏಳೂವರೆ. ಅರುವತ್ತು ದಾಟಿದ ತಾಯಿಯನ್ನು ಮಗ ವೀಲ್‌ಚೇರಿನಲ್ಲಿ ಕರೆತಂದಿದ್ದಾನೆ. ಅವರನ್ನು ಎಲ್ಲರೂ ಉಮ್ಮ್ ಫಹದ್ ಎನ್ನುತ್ತಾರೆ, ಅಂದರೆ ಫಹದನ ತಾಯಿ. ದೊಡ್ಡ ಮಗನ ಹೆಸರಿಡಿದು ಕರೆದರೆ ಅವರಿಗೆ ಗೌರವ. ಆ ಹೆಸರು ಗೊತ್ತಿಲ್ಲದಿದ್ದರೆ 'ಖಾಲ್ತಿ' ಅನ್ನಿ. ತಾಯಿಯ ಅಕ್ಕತಂಗಿಯರಿಗೆ ಹೇಳುವ ಮಾತು ಅದು, ನಮ್ಮ ದೊಡ್ಡಮ್ಮ, ಚಿಕ್ಕಮ್ಮ ಇದ್ದ ಹಾಗೆ.

ನರ್ಸ್: ಅಸ್ಸಲಾಮು ಅಲೈಕುಮ್, ಖಾಲ್ತಿ. ಸಬಾಹ್ ಅಲ್‌ಖೈರ್. (ನಮಸ್ಕಾರ ದೊಡ್ಡಮ್ಮ, ಶುಭೋದಯ.)

ಉಮ್ಮ್ ಫಹದ್: ವ ಅಲೈಕುಮುಸ್ಸಲಾಮ್. ಸಬಾಹ್ ಅನ್ನೂರ್, ಸಿಸ್ಟರ್. (ನಿನಗೂ ನಮಸ್ಕಾರ, ಶುಭೋದಯ ಸಿಸ್ಟರ್.)

ನರ್ಸ್: ಶ್ಲೋನಿಚ್? (ಹೇಗಿದ್ದೀರಿ?)

ಉಮ್ಮ್ ಫಹದ್: ಅಲ್‌ಹಮ್ದುಲಿಲ್ಲಾಹ್. (ದೇವರ ದಯೆ.)

ಇಲ್ಲಿ ನಿಲ್ಲಿಸಿ 'ಆರಾಮಾಗಿದ್ದಾರೆ' ಎಂದು ಬರೆದುಬಿಡಬೇಡಿ. ಜೀವ ಹೋಗುವಷ್ಟು ನೋವಿದ್ದರೂ ಮೊದಲು ಅಲ್‌ಹಮ್ದುಲಿಲ್ಲಾಹ್ ಎಂದೇ ಹೇಳುತ್ತಾರೆ. ಅದು ದೇವರಿಗೆ ಹೇಳಿದ ಮಾತು. ನಿಮಗೆ ಬೇಕಾದ ಉತ್ತರ ಎರಡನೇ ಪ್ರಶ್ನೆಗೆ ಬರುತ್ತದೆ.

ನರ್ಸ್: ಸಲಾಮಾತ್. ಶಿನು ಯಅವ್ವಿರಿಚ್? (ಏನಾಯಿತು? ಏನು ನೋಯುತ್ತಿದೆ?)

ಉಮ್ಮ್ ಫಹದ್: ಚಬ್ದಿ ಲಾಯಅ, ಯಾ ಬಿಂತಿ. ದಾಯ್‌ಖಾ. (ಹೊಟ್ಟೆ ತೊಳೆಸುತ್ತಿದೆ ಮಗಳೇ. ತಲೆ ಸುತ್ತುತ್ತಿದೆ.)

'ಚಬ್ದಿ' ಎಂದರೆ ನನ್ನ ಪಿತ್ತಜನಕಾಂಗ, ಅಂದರೆ ಲಿವರ್. ನಾನು ಹೊಸದಾಗಿ ಬಂದಾಗ ಇದೇ ಮಾತು ಕೇಳಿ ಒಬ್ಬ ರೋಗಿಯ ಚಾರ್ಟಿನಲ್ಲಿ 'ಲಿವರ್ ನೋವು' ಎಂದು ಬರೆದಿದ್ದೆ. ಆ ಹೆಂಗಸಿಗೆ ಇದ್ದದ್ದು ವಾಕರಿಕೆ ಮಾತ್ರ. ನಾವು ಹೊಟ್ಟೆ ತೊಳೆಸುತ್ತದೆ ಎಂದಾಗ ಹೊಟ್ಟೆಯನ್ನು ಯಾರೂ ನೀರು ಹಾಕಿ ತೊಳೆಯುವುದಿಲ್ಲವಲ್ಲ, ಇದೂ ಹಾಗೆಯೇ. ಈ ಒಂದು ಮಾತನ್ನು ಗಟ್ಟಿಯಾಗಿ ನೆನಪಿಡಿ.

ನರ್ಸ್: ಮಿನ್ ಮಿತಾ? (ಯಾವಾಗಿನಿಂದ?)

ಉಮ್ಮ್ ಫಹದ್: ಅಲ್ಯೋಮ್, ಅಸ್ಸುಬ್‌ಹ್. ಈದಿ ತರ್ಜಿಫ್, ವ ಅರಗ್ ವಾಯಿದ್. (ಇವತ್ತು ಬೆಳಗ್ಗೆಯಿಂದ. ಕೈ ನಡುಗುತ್ತಿದೆ, ತುಂಬಾ ಬೆವರು.)

ನರ್ಸ್: ಸದ್ರಿಚ್ ಯಅವ್ವಿರಿಚ್? ದೀಗ್ ನಫಸ್? (ಎದೆ ನೋಯುತ್ತಿದೆಯಾ? ಉಸಿರು ಕಟ್ಟುತ್ತಿದೆಯಾ?)

ಉಮ್ಮ್ ಫಹದ್: ಲಾ, ಲಾ. (ಇಲ್ಲ, ಇಲ್ಲ.)

ನರ್ಸ್: ಅಂದಿಚ್ ಸುಕ್ಕರ್? ದಗ್ತ್? (ಶುಗರ್ ಇದೆಯಾ? ಬಿಪಿ?)

ಉಮ್ಮ್ ಫಹದ್: ಈ, ಸುಕ್ಕರ್. ಆಖುದ್ ಇಬ್ರಾ. (ಹೌದು, ಶುಗರ್ ಇದೆ. ಇಂಜೆಕ್ಷನ್ ತಗೊಳ್ತೇನೆ.)

ನರ್ಸ್: ಖದೈತಿ ಅಲ್‌ಇಬ್ರಾ ಅಲ್ಯೋಮ್? ತ್ರಯ್ಯಗ್ತಿ? (ಇವತ್ತು ಇಂಜೆಕ್ಷನ್ ತಗೊಂಡಿರಾ? ತಿಂಡಿ ಆಯ್ತಾ?)

ಉಮ್ಮ್ ಫಹದ್: ಈ, ಖದೈತ್. ಬಸ್ ಮಾ ತ್ರಯ್ಯಗ್ತ್. (ಹೌದು, ತಗೊಂಡೆ. ಆದರೆ ತಿಂಡಿ ತಿಂದಿಲ್ಲ.)

ಬೆವರು, ನಡುಕ, ಖಾಲಿ ಹೊಟ್ಟೆ, ಜೊತೆಗೆ ಇನ್ಸುಲಿನ್. ಇನ್ನು ಮಾತು ಕಡಿಮೆ ಮಾಡಿ ಕೈ ಓಡಿಸಬೇಕು. ಆದರೂ ಮುಟ್ಟುವ ಮೊದಲು ಒಂದು ಮಾತು ಕೇಳಿ.

ನರ್ಸ್: ಲೌ ಸಮಹ್‌ತಿ, ಅತೀನಿ ಈದಿಚ್. ಬಗೀಸ್ ಅಸ್ಸುಕ್ಕರ್. (ದಯವಿಟ್ಟು ಕೈ ಕೊಡಿ. ಶುಗರ್ ನೋಡ್ತೇನೆ.)

ಉಮ್ಮ್ ಫಹದ್: ಬಿಸ್ಮಿಲ್ಲಾಹ್. ಶ್ವಯ್ ಶ್ವಯ್. (ದೇವರ ಹೆಸರಿನಲ್ಲಿ. ಮೆಲ್ಲಗೆ, ಮೆಲ್ಲಗೆ.)

ಮೀಟರಿನಲ್ಲಿ 3.2 ಬಂತು. ಊರಿನ ಲೆಕ್ಕದಲ್ಲಿ ಕಲಿತವರು ಈ ಅಂಕಿ ನೋಡಿ ಗಾಬರಿಯಾಗಬೇಡಿ, ಅಲ್ಲಿ ಅಳತೆಯೇ ಬೇರೆ. 18ರಿಂದ ಗುಣಿಸಿದರೆ ನಮ್ಮ ಲೆಕ್ಕ ಸಿಗುತ್ತದೆ, ಸುಮಾರು 58. ನಾಲ್ಕಕ್ಕಿಂತ ಕೆಳಗೆ ಬಂದರೆ ಶುಗರ್ ಇಳಿದಿದೆ ಎಂದರ್ಥ.

ನರ್ಸ್: ಅಸ್ಸುಕ್ಕರ್ ನಾಜಿಲ್, ಖಾಲ್ತಿ. ಲಾ ತಖಾಫೀನ್. ಇಶ್ರಬಿ ಅಸೀರ್. (ಶುಗರ್ ಇಳಿದಿದೆ ದೊಡ್ಡಮ್ಮ. ಹೆದರಬೇಡಿ. ಜ್ಯೂಸ್ ಕುಡಿಯಿರಿ.)

ಉಮ್ಮ್ ಫಹದ್: ಅಸೀರ್? ಅನಾ ಫೀನಿ ಸುಕ್ಕರ್! (ಜ್ಯೂಸಾ? ನನಗೆ ಶುಗರ್ ಇದೆ!)

ನರ್ಸ್: ಅದ್ರಿ, ಬಸ್ ಅಲ್‌ಹೀನ್ ಲಾಜಿಮ್. (ಗೊತ್ತು, ಆದರೆ ಈಗ ಬೇಕೇ ಬೇಕು.)

ಹೀಗೆ ಹಠ ಮಾಡುವವರು ಬಹಳ ಮಂದಿ. ವರ್ಷಗಟ್ಟಲೆ ಸಿಹಿ ಬೇಡ, ಸಿಹಿ ಬೇಡ ಎಂದು ಕೇಳಿಸಿಕೊಂಡವರು ಅವರು, ತಪ್ಪು ಅವರದಲ್ಲ. ಬೈಯಬೇಡಿ. ಲೋಟವನ್ನು ಬಲಗೈಯಲ್ಲೇ ಕೊಡಿ, ಕುಡಿದು ಮುಗಿಯುವವರೆಗೆ ಪಕ್ಕದಲ್ಲೇ ನಿಂತಿರಿ.

ನರ್ಸ್: ಅಂದಿಚ್ ಹಸಾಸಿಯ್ಯ ಮಿನ್ ಅಯ್ ದುವಾ? (ಯಾವುದಾದರೂ ಔಷಧಿ ಅಲರ್ಜಿ ಇದೆಯಾ?)

ಉಮ್ಮ್ ಫಹದ್: ಈ, ಬಿನಿಸಿಲೀನ್. (ಹೌದು, ಪೆನಿಸಿಲಿನ್.)

ಇದನ್ನು ಕೇಳಿದ ತಕ್ಷಣ ಚಾರ್ಟಿನಲ್ಲಿ ಬರೆದು ಕೈಗೆ ಅಲರ್ಜಿ ಪಟ್ಟಿ ಕಟ್ಟಿ. 'ಬಿ'ಯಿಂದ ಶುರುವಾಯಿತೆಂದು ಬೇರೆ ಯಾವುದೋ ಔಷಧಿ ಅಂದುಕೊಳ್ಳಬೇಡಿ.

ನರ್ಸ್: ಅಲ್‌ಹೀನ್ ತಖ್‌ತೀತ್ ಗಲ್ಬ್. ಅಸಕ್ಕಿರ್ ಅಸ್ಸಿತಾರಾ? (ಈಗ ಇಸಿಜಿ ಮಾಡೋಣ. ಪರದೆ ಎಳೆಯಲಾ?)

ಉಮ್ಮ್ ಫಹದ್: ಈ, ಸಕ್ಕಿರೀಹಾ. ವಿಲ್ದಿ ಬರ್ರಾ? (ಹೌದು, ಎಳಿ. ಮಗ ಹೊರಗಿದ್ದಾನಾ?)

ನರ್ಸ್: ಈ, ಬರ್ರಾ. ಅನಾ ಬಸ್. (ಹೌದು, ಹೊರಗೇ ಇದ್ದಾನೆ. ಇಲ್ಲಿ ನಾನೊಬ್ಬಳೇ.)

ಎದೆನೋವು ಇಲ್ಲ ಎಂದಮೇಲೆ ಇಸಿಜಿ ಯಾಕೆ ಎಂದು ಕೇಳಬಹುದು. ಶುಗರ್ ಇರುವ ವಯಸ್ಸಾದ ಹೆಂಗಸರಲ್ಲಿ ಹೃದಯಾಘಾತ ಕೆಲವೊಮ್ಮೆ ಬರೀ ವಾಕರಿಕೆ, ಬೆವರಿನ ರೂಪದಲ್ಲೇ ಬರುತ್ತದೆ. ಈಗಿನ ಕಾರಣ ಸಿಕ್ಕಿದರೂ ಇನ್ನೊಂದನ್ನು ಬಿಟ್ಟುಬಿಡುವಂತಿಲ್ಲ. ಇವರ ಇಸಿಜಿ ಸರಿಯಾಗಿಯೇ ಬಂತು.

ಕಾಲು ಗಂಟೆ ಬಿಟ್ಟು ಮತ್ತೆ ಚುಚ್ಚಿದಾಗ 5.1.

ನರ್ಸ್: ಶ್ಲೋನಿಚ್ ಅಲ್‌ಹೀನ್? (ಈಗ ಹೇಗಿದ್ದೀರಿ?)

ಉಮ್ಮ್ ಫಹದ್: ಅಹ್ಸನ್, ಅಲ್‌ಹಮ್ದುಲಿಲ್ಲಾಹ್. (ವಾಸಿ, ದೇವರ ದಯೆ.)

ಈ ಸಲದ ಅಲ್‌ಹಮ್ದುಲಿಲ್ಲಾಹ್ ನಂಬಬಹುದು. ಮುಖದಲ್ಲೂ ಗೆಲುವು ಬಂದಿತ್ತು.

ನರ್ಸ್: ಅದ್ದಕ್ತೋರಾ ಲಾಜಿಮ್ ತ್‌ಶೂಫಿಚ್. ಇಕ್ಲಿ ಖುಬ್ಜ್ ವ ಜಿಬಿನ್. (ಡಾಕ್ಟರಮ್ಮ ನಿಮ್ಮನ್ನು ನೋಡಬೇಕು. ಅಲ್ಲಿಯವರೆಗೆ ಬ್ರೆಡ್ಡು, ಚೀಸ್ ತಿನ್ನಿ.)

ಉಮ್ಮ್ ಫಹದ್: ಮಶ್ಕೂರಾ, ಯಾ ಬಿಂತಿ. ಯಅತೀಚ್ ಅಲ್‌ಆಫಿಯಾ. (ಉಪಕಾರವಾಯ್ತು ಮಗಳೇ. ದೇವರು ನಿನಗೆ ಶಕ್ತಿ ಕೊಡಲಿ.)

ನರ್ಸ್: ಅಲ್ಲಾಹ್ ಯ್‌ಆಫೀಚ್. ಮಾ ತ್‌ಶೂಫೀನ್ ಶರ್. (ನಿಮ್ಮನ್ನೂ ದೇವರು ಚೆನ್ನಾಗಿಡಲಿ. ಇನ್ನು ಕೆಟ್ಟದ್ದು ಕಾಣದಿರಲಿ.)

ಉಮ್ಮ್ ಫಹದ್: ಅಶ್ಶರ್ ಮಾ ಯೀಚ್. (ಕೆಟ್ಟದ್ದು ನಿನ್ನ ಹತ್ತಿರವೂ ಸುಳಿಯದಿರಲಿ.)

ರಾತ್ರಿ ಪಾಳಿಯವಳು ನಾನು, ಬದಲಿಗೆ ಬರುವವರು ತಡವಾಗಿದ್ದರು. ಉಮ್ಮ್ ಫಹದ್ ನನ್ನ ಮುಖವನ್ನೇ ನೋಡುತ್ತಿದ್ದರು.

ಉಮ್ಮ್ ಫಹದ್: ಇಂತಿ ತ್ರಯ್ಯಗ್ತಿ? (ನಿನ್ನ ತಿಂಡಿ ಆಯ್ತಾ?)

ನರ್ಸ್: ಲಿಲ್‌ಹೀನ್ ಲಾ, ಖಾಲ್ತಿ. (ಇನ್ನೂ ಇಲ್ಲ ದೊಡ್ಡಮ್ಮ.)

ಅವರು ಬ್ರೆಡ್ಡನ್ನು ಎರಡು ತುಂಡು ಮಾಡಿ ಒಂದನ್ನು ನನ್ನ ಕಡೆ ಚಾಚಿದರು.