ಇಂಧನ ಮತ್ತು ನೀರಿನ ಕ್ರೆಡಿಟ್‌ಗಳ ಲೆಕ್ಕ ವಿವರಣೆ: ಹಾಸನ ಬಿ.ಎಂ. ರಸ್ತೆಯ ಕಚೇರಿ ಕಟ್ಟಡ

ಕಟ್ಟಡ ಮೂರು ಅಂತಸ್ತು, ಒಟ್ಟು 2,400 ಚದರ ಮೀಟರ್. ದಿನಕ್ಕೆ 120 ಸಿಬ್ಬಂದಿ (ಗಂಡಸರು 60, ಹೆಂಗಸರು 60), 40 ಸಂದರ್ಶಕರು, ವರ್ಷಕ್ಕೆ 300 ಕೆಲಸದ ದಿನ. ಲೀಡ್ ವಿ4 ಹೊಸ ಕಟ್ಟಡ ವಿಭಾಗದಡಿ ಕೇಳುತ್ತಿರುವುದು ಒಳಾಂಗಣ ನೀರಿಗೆ 4 ಅಂಕ, ಇಂಧನ ದಕ್ಷತೆಗೆ 7 ಅಂಕ.

ನೀರು

ಬಳಕೆಯ ಸಂಖ್ಯೆಗಳು ಲೀಡ್‌ನ ಡೀಫಾಲ್ಟ್‌ಗಳೇ. ಹೆಂಗಸರಿಗೆ ದಿನಕ್ಕೆ 3 ಸಲ ಕಮೋಡ್, ಗಂಡಸರಿಗೆ 1 ಕಮೋಡ್ ಮತ್ತು 2 ಯೂರಿನಲ್, ಕೈ ತೊಳೆಯುವುದು ಎಲ್ಲ ಸಿಬ್ಬಂದಿಗೂ 3 ಸಲ, ತಲಾ 30 ಸೆಕೆಂಡ್. ಸಂದರ್ಶಕರನ್ನೂ ಸೇರಿಸಿದರೆ ದಿನಕ್ಕೆ 252 ಕಮೋಡ್ ಫ್ಲಶ್, 128 ಯೂರಿನಲ್ ಫ್ಲಶ್, 190 ನಿಮಿಷ ವಾಶ್‌ಬೇಸಿನ್ ನಲ್ಲಿ, 30 ನಿಮಿಷ ಪ್ಯಾಂಟ್ರಿ ನಲ್ಲಿ. ಕಟ್ಟಡದಲ್ಲಿ ಶವರ್ ಇಲ್ಲ.

```
ಬೇಸ್‌ಲೈನ್ (ಲೀಟರ್/ದಿನ)
252×6 + 128×3.8 + 190×1.9 + 30×8.3 = 2608.4

ಪ್ರಸ್ತಾವಿತ (ಲೀಟರ್/ದಿನ)
190×3.5 + 62×4.5 + 128×1 + 190×1.3 + 30×5 = 1469

ಉಳಿತಾಯ = (2608.4 − 1469) / 2608.4 = 43.7%
```

ಎರಡನೇ ಸಾಲಿನಲ್ಲಿ ಕಮೋಡ್ ಎರಡು ತುಂಡಾಗಿರುವುದಕ್ಕೆ ಕಾರಣವಿದೆ. ಹಾಕಿರುವುದು 4.5/3 ಲೀಟರ್‌ನ ಡ್ಯುಯಲ್ ಫ್ಲಶ್. ಹೆಂಗಸರ ಶೌಚಾಲಯದಲ್ಲಿ ಒಂದು ಪೂರ್ಣ ಫ್ಲಶ್‌ಗೆ ಎರಡು ಅರ್ಧ ಎಂದು ಹಿಡಿದು ಸರಾಸರಿ 3.5 ಬರುತ್ತದೆ. ಗಂಡಸರ ಕಡೆ ಯೂರಿನಲ್ ಇರುವುದರಿಂದ ಕಮೋಡ್‌ಗೆ ಹೋದವರೆಲ್ಲ ಪೂರ್ಣ ಫ್ಲಶ್ಶೇ ಒತ್ತುತ್ತಾರೆಂದು 4.5 ಇಟ್ಟಿದ್ದೇವೆ. ಅಲ್ಲೂ 3.5 ಹಾಕಿದ್ದರೆ ಶೇ. 46 ದಾಟಿ ಒಂದು ಅಂಕ ಹೆಚ್ಚು ಬರುತ್ತಿತ್ತು. ಆ ಲೆಕ್ಕ ಸಮರ್ಥಿಸಿಕೊಳ್ಳಲು ಆಗುವುದಿಲ್ಲ.

ನಲ್ಲಿಗಳ ಒತ್ತಡದ ವಿಷಯ. ಬೇಸ್‌ಲೈನ್ ಹರಿವು 415 ಕಿಲೋಪ್ಯಾಸ್ಕಲ್‌ಗೆ ಹೇಳಿದ್ದು. ತಯಾರಕರ ಹಾಳೆಗಳು 3 ಬಾರ್, ಅಂದರೆ 300 ಕಿಲೋಪ್ಯಾಸ್ಕಲ್‌ಗೆ ಕೊಟ್ಟಿವೆ. ವಾಶ್‌ಬೇಸಿನ್ ಏರೇಟರ್ ಒತ್ತಡ ಸರಿದೂಗಿಸುವ ಮಾದರಿ, ಹಾಗಾಗಿ 1.3 ಹಾಗೇ ಉಳಿಯುತ್ತದೆ. ಪ್ಯಾಂಟ್ರಿ ನಲ್ಲಿ ಆ ಮಾದರಿಯದಲ್ಲ. ಹಾಳೆಯಲ್ಲಿ 4.25 ಇದ್ದದ್ದನ್ನು ಒತ್ತಡದ ಅನುಪಾತದ ವರ್ಗಮೂಲದಿಂದ ಗುಣಿಸಿ 5.0 ಮಾಡಿಕೊಂಡಿದ್ದೇವೆ:

```
4.25 × √(415/300) = 4.25 × 1.176 = 5.0 ಲೀ/ನಿಮಿಷ
```

ಪ್ರತಿ ಫಿಕ್ಸ್ಚರ್‌ನ ಕಟ್‌ಶೀಟ್‌ನಲ್ಲಿ ಮಾದರಿ ಸಂಖ್ಯೆಗೆ ಗುರುತು ಹಾಕಿದೆ. ಖರೀದಿ ಬಿಲ್ ಮತ್ತು ಪ್ಲಂಬಿಂಗ್ ನಕ್ಷೆಯ ಶೆಡ್ಯೂಲ್‌ನಲ್ಲೂ ಅದೇ ಸಂಖ್ಯೆಗಳಿವೆ.

ಚಾವಣಿಯ ಮಳೆನೀರನ್ನು 30,000 ಲೀಟರ್ ಟ್ಯಾಂಕಿಗೆ ತುಂಬಿ ಫ್ಲಶ್‌ಗೆ ಬಿಡುತ್ತೇವೆ. ಅದನ್ನು ಈ ಕ್ರೆಡಿಟ್‌ಗೆ ಸೇರಿಸಿಲ್ಲ. ಫ್ಲಶ್‌ಗೆ ದಿನಕ್ಕೆ 1,072 ಲೀಟರ್ ಬೇಕು, ತುಂಬಿದ ಟ್ಯಾಂಕ್ 28 ಕೆಲಸದ ದಿನಕ್ಕೆ ಖಾಲಿ. ಬೇಸಿಗೆಯಲ್ಲಿ ಹೇಗಿದ್ದರೂ ಹೇಮಾವತಿ ನೀರೇ ಗತಿ.

ಇಂಧನ

ಆಶ್ರೇ 90.1-2010ರ ಅನುಬಂಧ ಜಿ ಪ್ರಕಾರ eQUESTನಲ್ಲಿ ಮಾದರಿ ಮಾಡಿದ್ದು. ಬೇಸ್‌ಲೈನ್ ಕಟ್ಟಡವನ್ನು ನಾಲ್ಕು ದಿಕ್ಕಿಗೆ ತಿರುಗಿಸಿ ಸರಾಸರಿ ತೆಗೆದಿದೆ:

```
0°: 212400   90°: 215200   180°: 212800   270°: 214800
ಸರಾಸರಿ = 213800 kWh/ವರ್ಷ
ಪ್ರಸ್ತಾವಿತ = 38000 ದೀಪ + 46500 ಕೂಲಿಂಗ್ + 17200 ಫ್ಯಾನ್
          + 62000 ಉಪಕರಣ + 9300 ಪಂಪ್, ಲಿಫ್ಟ್ = 173000
ಉಳಿತಾಯ = 40800 / 213800 = 19.1%
```

ಎರಡೂ ಬದಿಗೆ ಒಂದೇ ಸರಾಸರಿ ಯೂನಿಟ್ ದರ ಹಾಕಿರುವುದರಿಂದ ಖರ್ಚಿನ ಉಳಿತಾಯವೂ ಶೇ. 19.1. ಶೇ. 18ರ ಮೆಟ್ಟಿಲು ದಾಟಿದೆ, 20 ಮುಟ್ಟಿಲ್ಲ. ಹಾಗಾಗಿ 7 ಅಂಕ. ಡೀಸೆಲ್ ಜನರೇಟರ್ ಬ್ಯಾಕಪ್ ಮಾತ್ರ, ಮಾದರಿಯಲ್ಲಿಲ್ಲ.

ಉಳಿತಾಯದ ಸಿಂಹಪಾಲು ದೀಪಗಳದ್ದು. ಕಚೇರಿಗೆ ಮಿತಿ ಚದರ ಅಡಿಗೆ 0.90 ವ್ಯಾಟ್, ಅಂದರೆ ಚದರ ಮೀಟರ್‌ಗೆ 9.69. ಹಾಕಿರುವುದು 36 ವ್ಯಾಟ್‌ನ 280 ಪ್ಯಾನೆಲ್, 18 ವ್ಯಾಟ್‌ನ 140 ಡೌನ್‌ಲೈಟ್, ಮೆಟ್ಟಿಲು-ಶೌಚಾಲಯಕ್ಕೆ 12 ವ್ಯಾಟ್‌ನ 70. ಒಟ್ಟು 13,440 ವ್ಯಾಟ್, ಚದರ ಮೀಟರ್‌ಗೆ 5.6. ದೀಪ ಉರಿಯುವ ಗಂಟೆ ಎರಡೂ ಮಾದರಿಗಳಲ್ಲಿ ಒಂದೇ. ಸೆನ್ಸರ್‌ಗಳಿಗೆ ಬೇರೆ ರಿಯಾಯಿತಿ ಕೇಳಿಲ್ಲ. ದೀಪದಿಂದಲೇ ಸುಮಾರು 27,750 ಯೂನಿಟ್ ಉಳಿಯುತ್ತದೆ.

ಉಪಕರಣಗಳ 62,000 ಯೂನಿಟ್ ಬೇಸ್‌ಲೈನ್‌ನಲ್ಲೂ ಅಷ್ಟೇ ಇದೆ, ಅದರಿಂದ ಉಳಿತಾಯ ತೋರಿಸಿಲ್ಲ. ಬಿಡಿಸಿ ಹೇಳಿದರೆ: 110 ಕಂಪ್ಯೂಟರ್ × 90 ವ್ಯಾಟ್ × 8 ಗಂಟೆ × 300 ದಿನ = 23,760; ಸರ್ವರ್ ಕೋಣೆ 2.6 ಕಿಲೋವ್ಯಾಟ್ × 8,760 ಗಂಟೆ = 22,776; ಮಿಕ್ಕ 15,464 ಪ್ರಿಂಟರ್, ನೀರಿನ ಫಿಲ್ಟರ್, ಕಾಫಿ ಯಂತ್ರ ಮುಂತಾದವು. ಹಾಸನದಲ್ಲಿ ಕಾಫಿ ಯಂತ್ರ ದಿನವಿಡೀ ಓಡುತ್ತದೆ, ಅದನ್ನು ಕಡಿಮೆ ಹಿಡಿದಿಲ್ಲ.

ಮೆಟ್ಟಿಲು, ಶೌಚಾಲಯಗಳಿಗೆ ಎರಡೂ ಮಾದರಿಗಳಲ್ಲಿ ಎಸಿ ಇಲ್ಲ. ತಾಪಮಾನ ಗುರಿ ತಪ್ಪಿದ ಗಂಟೆ ಪ್ರಸ್ತಾವಿತದಲ್ಲಿ 84, ಬೇಸ್‌ಲೈನ್‌ನಲ್ಲಿ 61. ಎರಡಕ್ಕೂ ಮಿತಿ 300. BEPU ಮತ್ತು ES-D ವರದಿಗಳು ನಾಲ್ಕು ದಿಕ್ಕಿನ ಓಟಗಳಿಗೂ, ಪ್ರಸ್ತಾವಿತಕ್ಕೂ ಬೇರೆಬೇರೆಯಾಗಿ ಲಗತ್ತಿಸಿವೆ. ದೀಪಗಳ ಎಣಿಕೆ ಎಲೆಕ್ಟ್ರಿಕಲ್ ನಕ್ಷೆಯ ಅಂತಿಮ ಪರಿಷ್ಕರಣೆಯದು. ಟೆಂಡರ್ ನಕ್ಷೆಯಲ್ಲಿ ಸಂಖ್ಯೆ ಬೇರೆ ಇದೆ, ದಯವಿಟ್ಟು ಅದಕ್ಕೆ ಹೋಲಿಸಬೇಡಿ.