ಯಾವ ಅರಸನ ಕಾಲ? ಬೈಬಲ್ ಘಟನೆಗಳ ಕಾಲಪಟ್ಟಿ ಪಾಠ

ಭಾಲ್ಕಿ ತಾಲ್ಲೂಕಿನ ಗ್ರಾಮ ಸಭೆಗಳ ವಯಸ್ಕರ ಬೈಬಲ್ ತರಗತಿಗೆ. ಭಾನುವಾರದ ಆರಾಧನೆಯ ನಂತರ ಒಂದೂವರೆ ತಾಸು. ಇಪ್ಪತ್ತು ಜನರವರೆಗೆ ಸರಿಹೋಗುತ್ತದೆ. ಓದು ಬಾರದವರೂ ಕೂರಬಹುದು.

ಪಾಠದ ಗುರಿ

ನಮ್ಮ ಜನರಿಗೆ ಕಥೆಗಳು ಚೆನ್ನಾಗಿ ಗೊತ್ತು. ದಾನಿಯೇಲ, ಎಸ್ತೇರಳು, ನೆಹೆಮೀಯ ಎಂದರೆ ಮೊದಲಿನಿಂದ ಕೊನೆಯವರೆಗೆ ಹೇಳುತ್ತಾರೆ. ಇವರಲ್ಲಿ ಮೊದಲಿದ್ದವರು ಯಾರು ಎಂದು ಕೇಳಿದರೆ ತಡವರಿಸುತ್ತಾರೆ. ಬೈಬಲಿನ ಪುಸ್ತಕಗಳನ್ನು ಕಾಲಕ್ರಮದಲ್ಲಿ ಜೋಡಿಸಿಲ್ಲವಾದ್ದರಿಂದ ಹೀಗಾಗುತ್ತದೆ. ಎಸ್ತೇರಳ ಪುಸ್ತಕ ನೆಹೆಮೀಯನ ನಂತರ ಇದೆ, ಘಟನೆ ನಡೆದದ್ದು ಅವನಿಗಿಂತ ಮೊದಲು. ಹಗ್ಗಾಯನ ಪುಸ್ತಕ ಹಳೆಯ ಒಡಂಬಡಿಕೆಯ ಕೊನೆಯಲ್ಲಿದೆ, ಆ ಮಾತುಗಳು ಸೇರುವುದು ಎಜ್ರನ ಪುಸ್ತಕದ 5ನೇ ಅಧ್ಯಾಯದ ಪಕ್ಕಕ್ಕೆ.

ಇಸವಿಗಳನ್ನು ಬಾಯಿಪಾಠ ಮಾಡಿಸಬೇಡಿ. ಯಾವ ವಚನ ತೆರೆದರೂ "ಇಲ್ಲಿ ಯಾವ ಅರಸನ ಹೆಸರಿದೆ?" ಎಂದು ಮೊದಲು ಕೇಳುವ ಅಭ್ಯಾಸ ಬಂದರೆ ಪಾಠ ಗೆದ್ದಂತೆ. ಅರಸ ಸಿಕ್ಕರೆ ಸಾಮ್ರಾಜ್ಯ ಸಿಗುತ್ತದೆ, ಸಾಮ್ರಾಜ್ಯ ಸಿಕ್ಕರೆ ಕಾಲ ಸಿಗುತ್ತದೆ.

ಹಿಂದಿನ ದಿನವೇ ಮಾಡಿಕೊಳ್ಳುವುದು

ಅಂಗಡಿಯಲ್ಲಿ ಸಿಗುವ 71 × 56 ಸೆಂ.ಮೀ. ಬಿಳಿ ಚಾರ್ಟ್ ಹಾಳೆ ಎರಡು ತನ್ನಿ. ಪ್ರತಿಯೊಂದನ್ನೂ ಉದ್ದಕ್ಕೆ ಸರಿ ಅರ್ಧ ಕತ್ತರಿಸಿದರೆ 71 × 28ರ ನಾಲ್ಕು ಪಟ್ಟಿಗಳಾಗುತ್ತವೆ. ಮೂರನ್ನು 1 ಸೆಂ.ಮೀ. ಒಂದರ ಮೇಲೊಂದು ಬರುವಂತೆ ಅಂಟಿಸಿದರೆ 211 ಸೆಂ.ಮೀ. ಉದ್ದದ ಪಟ್ಟಿ ಸಿದ್ಧ. ನಾಲ್ಕನೆಯದನ್ನು ಬೇರೆ ಇಡಿ.

ಉದ್ದನೆಯ ಪಟ್ಟಿಯ ಅಳತೆ: 1 ಸೆಂ.ಮೀ.ಗೆ 10 ವರ್ಷ. ಎಡ ಅಂಚಿನಿಂದ ಅರ್ಧ ಸೆಂ.ಮೀ. ಬಿಟ್ಟು ಸೊನ್ನೆ ಗುರುತು ಹಾಕಿ, ಅದು ಕ್ರಿ.ಪೂ. 2000. ಅಲ್ಲಿಂದ 200 ಸೆಂ.ಮೀ.ಗೆ ದಪ್ಪ ಕಪ್ಪು ಗೆರೆ ಎಳೆಯಿರಿ. ಗೆರೆಯ ಎಡಕ್ಕೆ ಕ್ರಿಸ್ತಪೂರ್ವ, ಬಲಕ್ಕೆ ಕ್ರಿಸ್ತಶಕ. ಕ್ರಿ.ಪೂ. ಇಸವಿಯ ಜಾಗ ಬೇಕಾದರೆ 2000ದಿಂದ ಅದನ್ನು ಕಳೆದು 10ರಿಂದ ಭಾಗಿಸಿ. ಕ್ರಿ.ಪೂ. 586ಕ್ಕೆ 1414 ಉಳಿಯುತ್ತದೆ, ಅಂದರೆ 141.4 ಸೆಂ.ಮೀ. ಕ್ರಿ.ಶ. ಆದರೆ ಇಸವಿಯನ್ನು 10ರಿಂದ ಭಾಗಿಸಿ 200ಕ್ಕೆ ಕೂಡಿಸಿ.

ಪಟ್ಟಿಯ ಮೇಲಂಚಿನಲ್ಲಿ 4 ಸೆಂ.ಮೀ. ಅಗಲದ ಬಣ್ಣ ಹಚ್ಚಿ. ಅಶ್ಶೂರಕ್ಕೆ ಕೆಂಪು (ಕ್ರಿ.ಪೂ. 745–612), ಬಾಬೆಲಿಗೆ ನೀಲಿ (605–539), ಪಾರಸಿಯಕ್ಕೆ ಹಸಿರು (539–332), ಗ್ರೀಕರಿಗೆ ಹಳದಿ (332ರಿಂದ), ರೋಮಿಗೆ ನೇರಳೆ (63ರಿಂದ ಪಟ್ಟಿಯ ಕೊನೆಯವರೆಗೆ). ಹಳದಿಯ ಕೊನೆಯ ಭಾಗದಲ್ಲಿ, ಕ್ರಿ.ಪೂ. 142–63ರ ನಡುವೆ, ಯೆಹೂದ್ಯರು ತಾವೇ ಆಳಿಕೊಂಡರು. ಅಲ್ಲಿ ಬಣ್ಣ ಬಿಟ್ಟು ಗೆರೆ ಮಾತ್ರ ಹಾಕಿ. ಓದು ಬಾರದವರಿಗೆ ಈ ಬಣ್ಣಗಳೇ ಅಕ್ಷರ. ಹಾಗಾಗಿ ಬೇರೆ ಯಾವ ಅಲಂಕಾರಕ್ಕೂ ಈ ಐದು ಬಣ್ಣ ಬಳಸಬೇಡಿ.

ಸುಣ್ಣ ಬಳಿದ ಗೋಡೆಗೆ ಟೇಪ್ ನಿಲ್ಲುವುದಿಲ್ಲ, ಅರ್ಧ ಪಾಠಕ್ಕೆ ಬಿಚ್ಚಿಕೊಳ್ಳುತ್ತದೆ. ಐದು ಮೀಟರ್ ಸುತಲಿಯನ್ನು ಎರಡು ಮೊಳೆಗಳ ನಡುವೆ ಬಿಗಿದು ಬಟ್ಟೆ ಕ್ಲಿಪ್ಪಿನಿಂದ ಪಟ್ಟಿ ತೂಗುಹಾಕಿ. ಫ್ಯಾನ್ ಇದ್ದರೆ ಕೆಳ ಅಂಚಿಗೂ ನಾಲ್ಕಾರು ಕ್ಲಿಪ್ ಬೇಕು. ಪಟ್ಟಿ ಮುಗಿದ ಮೇಲೂ ಸುತಲಿ ಬಲಕ್ಕೆ ಎರಡು ಮೀಟರಿನಷ್ಟು ಉಳಿಯಬೇಕು, ಮೊದಲ ಚಟುವಟಿಕೆಗೆ ಅದು ಅಗತ್ಯ.

ಮೊದಲ 15 ನಿಮಿಷ: ನಮ್ಮ ಊರಿನಿಂದ ಹಿಂದಕ್ಕೆ

ಬೈಬಲ್ ತೆರೆಯುವ ಮುಂಚೆ ಜನರಿಗೆ ಗೊತ್ತಿರುವುದರಿಂದ ಶುರುಮಾಡಿ. ಕಪ್ಪು ಗೆರೆಯಿಂದ ಬಲಕ್ಕೆ ಅಳೆದು ಸುತಲಿಗೆ ಚೀಟಿ ಸಿಕ್ಕಿಸುತ್ತ ಬನ್ನಿ. ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿದ 1948 ಗೆರೆಯಿಂದ 194.8 ಸೆಂ.ಮೀ. ದೂರ. ಬೀದರಿನ ಮಹಮೂದ್ ಗವಾನ್ ಮದರಸಾ ಕಟ್ಟಿದ 1472 ಎಂದರೆ 147.2. ಬಸವಣ್ಣನವರ ಕಾಲದ ಕಲ್ಯಾಣ, ಸುಮಾರು 1160, ಎಂದರೆ 116. ಈಗ ಗೆರೆ ದಾಟಿ ಎಡಕ್ಕೆ ಬನ್ನಿ. ಸನ್ನತಿಯಲ್ಲಿ ಶಾಸನ ಸಿಕ್ಕಿರುವ ಅಶೋಕ ಆಳಿದ್ದು ಸುಮಾರು ಕ್ರಿ.ಪೂ. 268–232, ಪಟ್ಟಿಯಲ್ಲಿ 173.2ರಿಂದ 176.8. ಮಲಾಕಿಯನ ನಂತರ, ಮತ್ತಾಯನ ಮೊದಲು, ಬೈಬಲಿನಲ್ಲಿ ಒಂದು ಖಾಲಿ ಪುಟ ಮಾತ್ರ ಇರುವ ಕಾಲ ಅದು. ಆ ಪುಟ ನಾನೂರು ವರ್ಷಗಳಷ್ಟು ದಪ್ಪ ಎಂಬುದು ಅಶೋಕನನ್ನು ಅಲ್ಲಿಟ್ಟಾಗ ಕಣ್ಣಿಗೆ ಕಾಣುತ್ತದೆ.

ಕ್ರಿಸ್ತಪೂರ್ವದಲ್ಲಿ ಅಂಕಿ ದೊಡ್ಡದಾದಷ್ಟೂ ಹಿಂದಕ್ಕೆ ಹೋಗುತ್ತೇವೆ ಎಂಬುದೂ ಇಲ್ಲೇ ಮನಸ್ಸಿಗೆ ಇಳಿಯಬೇಕು. "722 ಮೊದಲೋ, 586 ಮೊದಲೋ?" ಎಂದು ಕೇಳಿ. ಹೆಚ್ಚಿನವರು 586 ಎನ್ನುತ್ತಾರೆ. ತಿದ್ದಲು ಅವಸರ ಮಾಡದೆ, ಅವರನ್ನೇ ಎಬ್ಬಿಸಿ ಎರಡೂ ಜಾಗಕ್ಕೆ ಬೆರಳಿಡಲು ಹೇಳಿ.

ಮುಂದಿನ 20 ನಿಮಿಷ: ಐದು ಮೊಳೆ

ಉಳಿದದ್ದೆಲ್ಲ ತೂಗುವುದು ಈ ಐದರ ಮೇಲೆ. ದಪ್ಪ ರಟ್ಟಿನ ಚೀಟಿ ಮಾಡಿ, ಒಬ್ಬೊಬ್ಬರ ಕೈಯಲ್ಲಿ ಹಾಕಿಸಿ.

| ಘಟನೆ | ಇಸವಿ | ಪಟ್ಟಿಯಲ್ಲಿ |
|---|---|---|
| ದಾವೀದನ ಆಳ್ವಿಕೆ | ಸುಮಾರು ಕ್ರಿ.ಪೂ. 1000 | 100 ಸೆಂ.ಮೀ. |
| ಅಶ್ಶೂರರಿಂದ ಸಮಾರ್ಯದ ಪತನ | ಕ್ರಿ.ಪೂ. 722 | 127.8 |
| ಬಾಬೆಲಿನವರಿಂದ ಯೆರೂಸಲೇಮಿನ ನಾಶ | ಕ್ರಿ.ಪೂ. 586 | 141.4 |
| ಕೋರೆಷನ ಅಪ್ಪಣೆ, ಸೆರೆಯಿಂದ ಬಿಡುಗಡೆ | ಕ್ರಿ.ಪೂ. 538 | 146.2 |
| ರೋಮಿನವರಿಂದ ದೇವಾಲಯದ ನಾಶ | ಕ್ರಿ.ಶ. 70 | 207 |

ಎರಡನೆಯದೂ ಮೂರನೆಯದೂ ಕಲಸಿಹೋಗುವುದು ಸಾಮಾನ್ಯ. ಸೊಲೊಮೋನನ ನಂತರ, ಸುಮಾರು ಕ್ರಿ.ಪೂ. 930ರಲ್ಲಿ, ರಾಜ್ಯ ಇಬ್ಭಾಗವಾಯಿತು. ಉತ್ತರದ ಇಸ್ರಾಯೇಲಿಗೆ ಸಮಾರ್ಯ, ದಕ್ಷಿಣದ ಯೆಹೂದಕ್ಕೆ ಯೆರೂಸಲೇಮ್ ರಾಜಧಾನಿ. ಮೊದಲು ಉತ್ತರ ಬಿತ್ತು, 136 ವರ್ಷಗಳ ನಂತರ ದಕ್ಷಿಣ. 107 ಸೆಂ.ಮೀ.ಯಿಂದ ಎರಡು ಗೆರೆ ಹೊರಡಿಸಿ. ಮೇಲಿನದು 127.8ಕ್ಕೆ ನಿಲ್ಲಲಿ, ಕೆಳಗಿನದು 141.4ಕ್ಕೆ. ಅರಸುಗಳ ಪುಸ್ತಕ ಒಮ್ಮೆ ಇತ್ತ, ಒಮ್ಮೆ ಅತ್ತ ಯಾಕೆ ಹೋಗುತ್ತದೆ ಎಂಬ ಗೊಂದಲ ಆ ಎರಡು ಗೆರೆಗಳಿಂದಲೇ ತೀರುತ್ತದೆ. ಕೆಲವು ಪುಸ್ತಕಗಳಲ್ಲಿ ಯೆರೂಸಲೇಮಿನ ನಾಶಕ್ಕೆ 587 ಎಂದಿರುತ್ತದೆ. ಅರಸನ ಮೊದಲ ವರ್ಷವನ್ನು ಎಣಿಸುವ ಪದ್ಧತಿಯಿಂದ ಬರುವ ವ್ಯತ್ಯಾಸ ಅದು. ಪಟ್ಟಿಯಲ್ಲಿ ಒಂದು ಮಿಲಿಮೀಟರ್.

ದಾವೀದನಿಗಿಂತ ಹಿಂದಿನದನ್ನು ಪೆನ್ಸಿಲಿನಲ್ಲೇ ಬರೆಯಿರಿ. ಐಗುಪ್ತದಿಂದ ಹೊರಟದ್ದು ಯಾವಾಗ ಎಂಬುದಕ್ಕೆ ಎರಡು ಲೆಕ್ಕಗಳಿವೆ. 1 ಅರಸುಗಳು 6:1ರ 480 ವರ್ಷಗಳನ್ನು ಸೊಲೊಮೋನನ ನಾಲ್ಕನೆಯ ವರ್ಷಕ್ಕೆ, ಅಂದರೆ ಸುಮಾರು 966ಕ್ಕೆ, ಕೂಡಿಸಿದರೆ ಕ್ರಿ.ಪೂ. 1446. ವಿಮೋಚನಕಾಂಡ 1:11ರ ರಾಮ್ಸೇಸ್ ಪಟ್ಟಣದ ಹೆಸರನ್ನು ಹಿಡಿದು ಹೊರಟವರು ಫರೋಹ ಎರಡನೆಯ ರಾಮ್ಸೇಸನ ಕಾಲ, 1250ರ ಸುಮಾರು, ಎನ್ನುತ್ತಾರೆ. 55.4ರಿಂದ 75ರವರೆಗೆ ಚುಕ್ಕೆ ಗೆರೆ ಎಳೆದು ಮೋಶೆಯ ಚೀಟಿಯನ್ನು ಅದರ ಕೆಳಗೆ ತೂಗುಹಾಕಿ. ಫರೋಹ ಮೆರ್ನೆಪ್ತನ ಕಲ್ಲುಶಾಸನದಲ್ಲಿ, ಸುಮಾರು ಕ್ರಿ.ಪೂ. 1208ರಲ್ಲಿ, ಇಸ್ರಾಯೇಲ್ ಎಂಬ ಹೆಸರು ಬರುತ್ತದೆ. ಆ ಹೊತ್ತಿಗೆ ಜನ ಕಾನಾನಿನಲ್ಲಿದ್ದರು, 79.2ಕ್ಕೆ ಗಟ್ಟಿ ಗುರುತು ಹಾಕಬಹುದು. ಅಬ್ರಹಾಮನಿಗೂ ಚುಕ್ಕೆ ಗೆರೆಯೇ ಸಾಕು, ಪಟ್ಟಿಯ ಎಡ ತುದಿಯಲ್ಲಿ. ಆದಿಕಾಂಡ 1–11ಕ್ಕೆ ಇಸವಿ ಹಾಕದೆ, ಪಟ್ಟಿಯ ಹೊರಗೆ ಎಡಕ್ಕೆ ಬಾಣದ ಗುರುತು ಮಾತ್ರ ಇಡಿ. ಗೊತ್ತಿರುವುದಕ್ಕೆ ಗಟ್ಟಿ ಗೆರೆ, ಅಂದಾಜಿಗೆ ಚುಕ್ಕೆ ಗೆರೆ. ಈ ನಿಯಮವನ್ನು ಎಲ್ಲೂ ಸಡಿಲಿಸಬಾರದು. ಅಂದಾಜನ್ನು ಸತ್ಯವೆಂದು ಕಲಿತವರು ಮುಂದೆ ಬೇರೊಂದು ಅಂಕಿ ಕೇಳಿದಾಗ ವಚನವನ್ನೇ ಅನುಮಾನಿಸುತ್ತಾರೆ.

ನಂತರದ 30 ನಿಮಿಷ: ಅರಸನನ್ನು ಹುಡುಕಿ

ಮೂವರು ಮೂವರಾಗಿ ಕೂರಿಸಿ. ಪ್ರತಿ ಗುಂಪಿನಲ್ಲೂ ಓದಬಲ್ಲವರು ಒಬ್ಬರಿರಲಿ. 8 × 5 ಸೆಂ.ಮೀ. ಚೀಟಿಯ ಮುಂದೆ ವಚನ ಮಾತ್ರ, ಹಿಂದೆ ಉತ್ತರ. ವಚನ ಓದಿ, ಅರಸನ ಹೆಸರು ಹೇಳಿ, ಬಣ್ಣ ತೋರಿಸಿದ ಮೇಲೆಯೇ ಚೀಟಿ ತಿರುಗಿಸಬೇಕು.

ಮೊದಲ ಸುತ್ತಿಗೆ ಈ ವಚನಗಳು ಸಾಕು. ಎಜ್ರ 1:1ರಲ್ಲಿ ಕೋರೆಷ, ಹಸಿರು, 538. ಹಗ್ಗಾಯ 1:1ರಲ್ಲಿ ದಾರ್ಯಾವೆಷನ ಎರಡನೆಯ ವರ್ಷ, ಹಸಿರು, 520. ನೆಹೆಮೀಯ 2:1ರಲ್ಲಿ ಅರ್ತಷಸ್ತನ ಇಪ್ಪತ್ತನೆಯ ವರ್ಷ, ಹಸಿರು, 445. ಎಸ್ತೇರಳು 1:3ರಲ್ಲಿ ಅಹಷ್ವೇರೋಷನ ಮೂರನೆಯ ವರ್ಷ, ಹಸಿರು, 483. ಯೆಹೆಜ್ಕೇಲ 1:2ರಲ್ಲಿ ಯೆಹೋಯಾಖೀನ ಸೆರೆಯಾದ ಐದನೆಯ ವರ್ಷ, ನೀಲಿ, 593. 2 ಅರಸುಗಳು 18:13ರಲ್ಲಿ ಸನ್ಹೇರೀಬ, ಕೆಂಪು, 701. ಲೂಕ 3:1ರಲ್ಲಿ ತಿಬೇರಿಯ ಕೈಸರನ ಹದಿನೈದನೆಯ ವರ್ಷ, ನೇರಳೆ, ಕ್ರಿ.ಶ. 28–29. ಅಪೊಸ್ತಲರ ಕೃತ್ಯಗಳು 18:12ರಲ್ಲಿ ಗಲ್ಲಿಯೋನ, ನೇರಳೆ, 51–52. ಗಲ್ಲಿಯೋನ ಅರಸನಲ್ಲ, ರೋಮಿನ ಅಧಿಕಾರಿ. ಗ್ರೀಸಿನ ದೆಲ್ಫಿಯಲ್ಲಿ ಅವನ ಹೆಸರಿರುವ ಶಾಸನ ಸಿಕ್ಕಿರುವುದರಿಂದ ಪೌಲನ ಪ್ರಯಾಣಗಳ ಕಾಲವನ್ನೆಲ್ಲ ಇಲ್ಲಿಂದಲೇ ಅಳೆಯುತ್ತಾರೆ.

ಹೆರೋದ ಎಂಬ ಹೆಸರು ಬಂದಾಗ ನಿಲ್ಲಿಸಿ. ಮತ್ತಾಯ 2ರ ಹೆರೋದ ಸತ್ತದ್ದು ಕ್ರಿ.ಪೂ. 4ರಲ್ಲಿ. ಲೂಕ 23ರವನು ಅವನ ಮಗ ಅಂತಿಪ, ಅಪೊಸ್ತಲರ ಕೃತ್ಯಗಳು 12ರವನು ಮೊಮ್ಮಗ ಅಗ್ರಿಪ್ಪ. ಮೂರು ಚೀಟಿ, ಮೂರು ಜಾಗ.

ಇಲ್ಲಿಯೇ ಯಾರಾದರೂ ಕೇಳುತ್ತಾರೆ: "ಹೆರೋದ ಕ್ರಿಸ್ತಪೂರ್ವ ನಾಲ್ಕರಲ್ಲಿ ಸತ್ತರೆ, ಯೇಸು ಹುಟ್ಟಿದ್ದು ಅದಕ್ಕೂ ಮುಂಚೆ ಅಂದಂಗಾಯ್ತಲ್ರೀ?" ಹೌದು, ಕ್ರಿ.ಪೂ. 6–4ರ ನಡುವೆ. ಕ್ರಿಸ್ತಶಕದ ಎಣಿಕೆಯನ್ನು ಆರನೆಯ ಶತಮಾನದಲ್ಲಿ ದಿಯೊನೀಸಿಯಸ್ ಎಂಬ ಸನ್ಯಾಸಿ ಲೆಕ್ಕಹಾಕಿದ. ಕೆಲವು ವರ್ಷ ತಪ್ಪಿತು. ತಪ್ಪು ಎಣಿಕೆಯಲ್ಲಿ ಆದದ್ದು, ಸುವಾರ್ತೆಯಲ್ಲಿ ಅಲ್ಲ. ಜೊತೆಗೆ ಸೊನ್ನೆಯ ಇಸವಿ ಇಲ್ಲ, ಕ್ರಿ.ಪೂ. 1 ಆದೊಡನೆ ಕ್ರಿ.ಶ. 1. ಆದ್ದರಿಂದ ಗೆರೆ ದಾಟಿ ವರ್ಷ ಕೂಡಿಸಿದರೆ ಒಂದು ಕಳೆಯಬೇಕು: ಕ್ರಿ.ಪೂ. 4ರಿಂದ ಕ್ರಿ.ಶ. 30ಕ್ಕೆ 33 ವರ್ಷ.

ಉಳಿದ 25 ನಿಮಿಷ: ನಾಲ್ಕನೆಯ ಪಟ್ಟಿ

ಈಗ ಗೋಡೆಯ ಪಟ್ಟಿಯಲ್ಲಿ 140ರಿಂದ 156ರವರೆಗೆ ಚೀಟಿಗಳು ಒಂದರ ಮೇಲೊಂದು ಬಿದ್ದಿರುತ್ತವೆ. ಅದಕ್ಕಾಗಿಯೇ ನಾಲ್ಕನೆಯ ಪಟ್ಟಿ: ಕ್ರಿ.ಪೂ. 740ರಿಂದ 430, 1 ಸೆಂ.ಮೀ.ಗೆ 5 ವರ್ಷ, ಒಟ್ಟು 62 ಸೆಂ.ಮೀ. ಎರಡೂ ಬದಿಗೆ ನಾಲ್ಕೂವರೆ ಸೆಂ.ಮೀ. ಅಂಚು ಉಳಿಯುತ್ತದೆ. ಅಳತೆ ಬದಲಾಗಿದೆ ಎಂದು ಬಾಯಿಬಿಟ್ಟು ಹೇಳಿ, ಇಲ್ಲದಿದ್ದರೆ ಸೆರೆವಾಸ ಇನ್ನೂರು ವರ್ಷ ನಡೆಯಿತು ಎಂದುಕೊಳ್ಳುವವರಿದ್ದಾರೆ. 586 ಇದರಲ್ಲಿ 30.8ಕ್ಕೆ, 538 ಅಂದರೆ 40.4, ಎರಡನೆಯ ದೇವಾಲಯ ಮುಗಿದ 516 (ಎಜ್ರ 6:15) ಅಂದರೆ 44.8, ನೆಹೆಮೀಯ 59.

ಯೆರೆಮೀಯ 25:11ರ ಎಪ್ಪತ್ತು ವರ್ಷಗಳನ್ನು ದಾರದಿಂದ ಅಳೆಯಿಸಿ. 14 ಸೆಂ.ಮೀ. ದಾರ ಕತ್ತರಿಸಿ ಒಂದು ತುದಿಯನ್ನು ದೇವಾಲಯ ಸುಟ್ಟ 586ಕ್ಕೆ ಇಟ್ಟರೆ, ಇನ್ನೊಂದು ತುದಿ ಸರಿಯಾಗಿ 516ಕ್ಕೆ ಬರುತ್ತದೆ. ಬಾಬೆಲಿನ ಕೈ ಮೇಲಾದ 605ಕ್ಕೆ (27 ಸೆಂ.ಮೀ.) ಇಟ್ಟರೆ ತುದಿ 535ಕ್ಕೆ, ಬಿಡುಗಡೆಯಾದ ಕೆಲವೇ ವರ್ಷಗಳ ಆಚೆಗೆ. ಈ ಎರಡೂ ಎಣಿಕೆಗಳನ್ನು ವ್ಯಾಖ್ಯಾನಕಾರರು ಹಿಡಿದಿದ್ದಾರೆ. ಗುಂಪು ಚರ್ಚಿಸಲಿ, ನೀವು ತೀರ್ಪು ಕೊಡುವುದು ಬೇಡ.

ಮುಗಿದ ಮೇಲೆ ಪಟ್ಟಿಯನ್ನು ಮಡಚದೆ ಸುತ್ತಿಡಿ. ಮಡಿಕೆ ಬಿದ್ದ ಜಾಗದಲ್ಲಿ ಅಳತೆ ತಪ್ಪುತ್ತದೆ. ಮುಂದಿನ ವಾರಕ್ಕೆ ಪ್ರತಿಯೊಬ್ಬರೂ ಅರಸನ ಹೆಸರಿರುವ ಒಂದು ವಚನವನ್ನು ಮನೆಯಲ್ಲಿ ಹುಡುಕಿ ತರಲಿ. ಸಿಗದವರಿಗೆ ಯೆಶಾಯ 6:1, ಯೆರೆಮೀಯ 1:2–3, ಆಮೋಸ 1:1 ಹೇಳಿಕೊಡಿ.